ನಿವೃತ್ತರಾಗುವ ಸಹೋದ್ಯೋಗಿಗೆ ಬೀಳ್ಕೊಡುಗೆ ಭಾಷಣ: ಮಾಹಿತಿ ಕಲೆಹಾಕುವುದರಿಂದ ವೇದಿಕೆ ಇಳಿಯುವವರೆಗೆ

ಬೀಳ್ಕೊಡುಗೆ ಸಮಾರಂಭಗಳಲ್ಲಿ ಕೇಳಿಬರುವ ಬಹುಪಾಲು ಭಾಷಣಗಳಲ್ಲಿ ಹೆಸರೊಂದನ್ನು ಬದಲಿಸಿದರೆ ಸಾಕು, ಅವನ್ನೇ ಮುಂದಿನ ತಿಂಗಳು ನಿವೃತ್ತರಾಗುವ ಇನ್ನೊಬ್ಬರಿಗೂ ಓದಬಹುದು. ಸರಳ ಸಜ್ಜನಿಕೆಯ ವ್ಯಕ್ತಿ, ಸಮಯಪಾಲನೆಗೆ ಹೆಸರಾದವರು, ಎಲ್ಲರೊಂದಿಗೂ ನಗುನಗುತ್ತಾ ಬೆರೆಯುವವರು ಎಂಬ ಮಾತುಗಳಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಕುಳಿತ ಅವರ ಮನೆಯವರಿಗೆ, ಇಷ್ಟು ವರ್ಷ ಬೆಳಿಗ್ಗೆ ಮನೆ ಬಿಟ್ಟು ಸಂಜೆ ಮರಳುತ್ತಿದ್ದವರು ನಡುವಿನ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂಬುದು ಆ ಭಾಷಣ ಮುಗಿದ ಮೇಲೂ ತಿಳಿದಿರುವುದಿಲ್ಲ. ಕೇಳುವವರಿಗೆ ಆಪ್ತವೆನಿಸುವ ಭಾಷಣವು ಹೆಚ್ಚು ಹೊಗಳುವುದರಿಂದ ಹುಟ್ಟುವುದಿಲ್ಲ. ಆ ವ್ಯಕ್ತಿ ಕೆಲಸ ಮಾಡುತ್ತಿದ್ದ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದರಿಂದ ಹುಟ್ಟುತ್ತದೆ.

ಈ ಬರಹ ಐದು ನಿಮಿಷದ ಭಾಷಣವೊಂದನ್ನು ಕುರಿತದ್ದು. ಮಾತನಾಡುವವರು ಮೇಲಧಿಕಾರಿಯಲ್ಲ, ಜೊತೆಗೆ ಕೆಲಸ ಮಾಡಿದ ಸಹೋದ್ಯೋಗಿ ಎಂದು ಭಾವಿಸಿದ್ದೇನೆ. ಉದಾಹರಣೆಗೆಂದು ಒಬ್ಬ ಕಾಲ್ಪನಿಕ ನೌಕರರನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ: ಕಚೇರಿಯೊಂದರ ಲೆಕ್ಕ ವಿಭಾಗದಲ್ಲಿ 32 ವರ್ಷ ದುಡಿದು, ಅದರಲ್ಲಿ ಬಹುಕಾಲ ಸಂಬಳದ ಬಿಲ್ಲು ತಯಾರಿಸಿದ ಹಿರಿಯ ಗುಮಾಸ್ತೆ. ಅವರನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಾರೆ. ಕೆಲಸದಲ್ಲಿ ಬಲು ಕಟ್ಟುನಿಟ್ಟು, ಮಾತು ಸ್ವಲ್ಪ ಒರಟು. ಇಂಥವರ ಬಗ್ಗೆ ಆಪ್ತವಾಗಿ ಮಾತನಾಡುವುದು ಕಷ್ಟವೆಂದು ಅನೇಕರು ಹಿಂಜರಿಯುತ್ತಾರೆ. ವಾಸ್ತವದಲ್ಲಿ, ಎಲ್ಲರಿಗೂ ಬೇಕಾದವರಾಗಿ ಹಗುರವಾಗಿ ಓಡಾಡಿಕೊಂಡಿದ್ದವರಿಗಿಂತ ಇಂಥವರ ಮೇಲೆ ಒಳ್ಳೆಯ ಭಾಷಣ ಬರೆಯುವುದು ಸುಲಭ.

ಮೊದಲು ತಿಳಿದುಕೊಳ್ಳಬೇಕಾದದ್ದು

ಸಮಾರಂಭಕ್ಕೆ ಎರಡು ವಾರ ಮುಂಚೆಯೇ ಕೆಲಸ ಆರಂಭಿಸಿದರೆ ಆತುರವಿರುವುದಿಲ್ಲ. ಕಾರ್ಯಕ್ರಮ ನಡೆಸುವವರನ್ನು ಕಂಡು, ಒಟ್ಟು ಎಷ್ಟು ಮಂದಿ ಮಾತನಾಡುತ್ತಾರೆ, ನಿಮ್ಮ ಸರದಿ ಎಷ್ಟನೆಯದು, ಸೇವಾ ವಿವರಗಳನ್ನು ಯಾರು ಓದುತ್ತಾರೆ ಎಂದು ಕೇಳಿ. ಕೆಲಸಕ್ಕೆ ಸೇರಿದ ದಿನ, ಬಡ್ತಿ, ವರ್ಗಾವಣೆ ಇವನ್ನೆಲ್ಲ ನಿರೂಪಕರೋ ಮುಖ್ಯಸ್ಥರೋ ಹೇಳುವುದಾದರೆ ನೀವು ಅವನ್ನು ಮತ್ತೆ ಹೇಳಬೇಕಿಲ್ಲ. ನೀವೇ ಹೇಳಬೇಕಾಗಿ ಬಂದರೆ ನೆನಪಿನಿಂದ ಹೇಳಬೇಡಿ. ಸೇವಾ ಪುಸ್ತಕ ನೋಡಿದವರಿಂದ ಅಥವಾ ನಿವೃತ್ತರಾಗುವವರಿಂದಲೇ ಖಚಿತಪಡಿಸಿಕೊಳ್ಳಿ. ಸೇರಿದ ವರ್ಷವನ್ನು ತಪ್ಪಾಗಿ ಹೇಳಿದರೆ ಸಭೆಯಲ್ಲಿ ಯಾರಾದರೂ ಗಟ್ಟಿಯಾಗಿ ತಿದ್ದುತ್ತಾರೆ, ಅಲ್ಲಿಂದ ಮುಂದೆ ನಿಮ್ಮ ಗಮನವೆಲ್ಲ ಆ ತಪ್ಪಿನ ಮೇಲೇ ಇರುತ್ತದೆ.

ನಿವೃತ್ತರಾಗುವವರನ್ನು ಒಂದು ಪ್ರಶ್ನೆ ಮಾತ್ರ ನೇರವಾಗಿ ಕೇಳಬೇಕು: ವೇದಿಕೆಯ ಮೇಲೆ ಹೇಳಬಾರದ ವಿಷಯವೇನಾದರೂ ಇದೆಯೇ? ಕೈತಪ್ಪಿದ ಬಡ್ತಿ, ಮನೆಯ ಅನಾರೋಗ್ಯ, ನ್ಯಾಯಾಲಯದವರೆಗೆ ಹೋದ ಸೇವಾ ವಿವಾದ, ಹಳೆಯ ಅಧಿಕಾರಿಯೊಬ್ಬರೊಂದಿಗಿನ ಮನಸ್ತಾಪ ಇವುಗಳನ್ನು ಅನುಕಂಪದಿಂದ ಪ್ರಸ್ತಾಪಿಸಿದರೂ ನೋವಾಗಬಹುದು. ಹಲವರು ಅಂಥದ್ದೇನಿಲ್ಲ ಬಿಡಿ ಎನ್ನುತ್ತಾರೆ. ಹಾಗೆನ್ನುವ ಮುನ್ನ ಒಂದು ಕ್ಷಣ ತಡೆದರೆ ಅಥವಾ ಮಾತು ಬೇರೆಡೆ ಹೊರಳಿದರೆ ಅದನ್ನೇ ಉತ್ತರವೆಂದು ತಿಳಿದುಕೊಳ್ಳಿ.

ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

ಇಡೀ ತಯಾರಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ನೀವು ಅವರ ಪಕ್ಕದ ಮೇಜಿನಲ್ಲೇ ಹತ್ತು ವರ್ಷ ಕುಳಿತಿರಬಹುದು. ಆದರೂ ನಿಮಗೆ ಕಂಡಿರುವುದು ಆ ಬದುಕಿನ ಒಂದು ಬದಿ ಮಾತ್ರ. ನಾಲ್ಕು ಮಂದಿಯನ್ನು ಮಾತನಾಡಿಸಿದರೆ ಐದು ನಿಮಿಷಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಸಿಗುತ್ತದೆ. ಅವರಲ್ಲೊಬ್ಬರು ಇವರ ಆರಂಭದ ವರ್ಷಗಳನ್ನು ಕಂಡವರಾಗಿರಲಿ, ಈಗಾಗಲೇ ನಿವೃತ್ತರಾಗಿದ್ದರೂ ಅಡ್ಡಿಯಿಲ್ಲ. ಒಬ್ಬರು ಇವರ ಕೈಕೆಳಗೆ ಕೆಲಸ ಕಲಿತವರಾಗಿರಲಿ. ಮತ್ತೊಬ್ಬರು ಬೇರೆ ವಿಭಾಗದವರಾಗಿದ್ದು, ಇವರ ಬಳಿ ಕೆಲಸ ಮಾಡಿಸಿಕೊಳ್ಳಲು ಬರುತ್ತಿದ್ದವರಾದರೆ ಒಳ್ಳೆಯದು. ನಾಲ್ಕನೆಯವರು ವೇದಿಕೆಗೆ ಎಂದೂ ಕರೆಯಿಸಿಕೊಳ್ಳದ ಒಬ್ಬರು, ಅಂದರೆ ಅಟೆಂಡರ್, ಚಾಲಕ, ಕಾವಲುಗಾರ ಅಥವಾ ಸ್ವಚ್ಛತಾ ಸಿಬ್ಬಂದಿ ಆಗಿರಬೇಕು. ನನ್ನ ಅನುಭವದಲ್ಲಿ ಭಾಷಣದ ಜೀವವಾಗುವ ಸಂಗತಿ ಸಾಮಾನ್ಯವಾಗಿ ಈ ನಾಲ್ಕನೆಯವರಿಂದಲೇ ಸಿಗುತ್ತದೆ, ಏಕೆಂದರೆ ಅವರ ಮುಂದೆ ಯಾರೂ ಒಳ್ಳೆಯವರಾಗಿ ತೋರಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ.

ಪ್ರಶ್ನೆಯನ್ನು ಹೇಗೆ ಕೇಳುತ್ತೀರೋ ಅಂಥದ್ದೇ ಉತ್ತರ ಬರುತ್ತದೆ. ಅವರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದರೆ ತುಂಬಾ ಒಳ್ಳೆಯವರು ಸಾರ್ ಎಂಬ ಉತ್ತರಕ್ಕಿಂತ ಆಚೆಗೆ ಏನೂ ಬರುವುದಿಲ್ಲ. ಅದರ ಬದಲು, ನೀವು ಯಾವ ಕೆಲಸ ಸಿಕ್ಕಿಕೊಂಡಾಗ ಅವರ ಹತ್ತಿರ ಹೋಗುತ್ತಿದ್ದಿರಿ ಎಂದು ಕೇಳಿ. ಅವರು ಹೋದ ಮೇಲೆ ಮೊದಲ ವಾರದಲ್ಲಿ ಏನು ಅಸ್ತವ್ಯಸ್ತವಾಗುತ್ತದೆ ಎಂದು ಕೇಳಿ. ಅವರು ದಿನವೂ ಆಡುವ ಮಾತು ಯಾವುದು, ಅವರ ಮೇಜಿನ ಮೇಲೆ ಸದಾ ಇರುವ ವಸ್ತು ಯಾವುದು, ಅವರಿಗೆ ಯಾವುದಕ್ಕೆ ಸಿಟ್ಟು ಬರುತ್ತದೆ ಎಂದು ಕೇಳಿ. ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮನುಷ್ಯನಿಗೆ ಯಾವುದರಲ್ಲಿ ಶ್ರದ್ಧೆಯಿದೆಯೋ ಅದು ಕೆಟ್ಟಾಗಲೇ ಸಿಟ್ಟು ಬರುವುದರಿಂದ, ಅವರ ಗುಣಕ್ಕೆ ಅದೇ ಹತ್ತಿರದ ದಾರಿ. ಹೇಳಿದವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ಮನೆಗೆ ಹೋಗಿ ಸುಧಾರಿಸಿ ಬರೆಯುವಾಗ ಅದರ ಬಿಸಿ ಆರಿಹೋಗಿರುತ್ತದೆ.

ನಮ್ಮ ಉದಾಹರಣೆಯ ಮೇಡಂ ಬಗ್ಗೆ ನಾಲ್ವರು ಹೇಳಿದ್ದು ಹೀಗಿದೆ ಎಂದಿಟ್ಟುಕೊಳ್ಳಿ. ಹಳೆಯ ಸಹೋದ್ಯೋಗಿಯ ಪ್ರಕಾರ, ಕೈಬರಹದ ಕಾಲದಲ್ಲಿ ಅವರು ಬಿಲ್ಲಿನ ಪ್ರತಿ ಸಾಲಿನ ಕೆಳಗೂ ಮರದ ಅಡಿಪಟ್ಟಿ ಇಟ್ಟು ಒಂದೊಂದೇ ಹೆಸರು ಓದುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಹಾಳೆಗಳನ್ನು ಮುದ್ರಿಸಿಕೊಂಡು ಅದೇ ಅಡಿಪಟ್ಟಿ ಇಟ್ಟು ಓದುವುದನ್ನು ಬಿಡಲಿಲ್ಲ. ಅವರ ಕೈಕೆಳಗೆ ಕಲಿತ ಹುಡುಗ, ಮೊತ್ತ ಸರಿಯಿದೆ ಎಂದು ತಾನು ಹೇಳಿದಾಗಲೆಲ್ಲ, ಮೊತ್ತ ಸರಿಯಿರಬಹುದು, ಹೆಸರು ಓದಿದೆಯಾ ಎಂದು ಅವರು ಕೇಳುತ್ತಿದ್ದುದನ್ನು ನೆನಪಿಸಿಕೊಂಡ. ಬೇರೆ ವಿಭಾಗದ ಅಧಿಕಾರಿ, ರಜೆ ಅರ್ಜಿ ತಡವಾಗಿ ಕಳುಹಿಸಿದ್ದಕ್ಕೆ ಅವರಿಂದ ಎಲ್ಲರೆದುರು ಬೈಸಿಕೊಂಡಿದ್ದನ್ನು ಇನ್ನೂ ಮರೆತಿಲ್ಲ. ಅಟೆಂಡರ್ ಹೇಳಿದ್ದು ಇದು: ಒಮ್ಮೆ ಆತ ಆಸ್ಪತ್ರೆ ಸೇರಿದ್ದ, ರಜೆ ಅರ್ಜಿ ಯಾರೂ ಕೊಟ್ಟಿರಲಿಲ್ಲ. ಬಿಲ್ಲಿನಲ್ಲಿ ತನ್ನ ಹೆಸರಿನ ಮುಂದೆ ಸೊನ್ನೆ ಬಂದಿದ್ದನ್ನು ನೋಡಿ ಮೇಡಂ ಮನೆಗೆ ಫೋನು ಮಾಡಿದರು, ಸಂಜೆ ಒಬ್ಬರ ಕೈಯಲ್ಲಿ ಅರ್ಜಿ ಕಳುಹಿಸಿ ಸಹಿ ಹಾಕಿಸಿಕೊಂಡರು, ಮರುದಿನ ಮಧ್ಯಾಹ್ನ ಬಿಲ್ಲು ಹೋಗುವುದರೊಳಗೆ ಸೇರಿಸಿದರು. ಆತ ಮರಳಿ ಬಂದಾಗ ಅವರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ಸಲ ಅರ್ಜಿ ಮೊದಲೇ ಕೊಡು ಎಂದು ಗದರಿದರು, ಅಷ್ಟೇ.

ಇಲ್ಲಿ ನಿಂತು ಒಂದು ಅನುಮತಿ ಪಡೆಯಬೇಕು. ಈ ಘಟನೆ ಮೇಡಂ ಅವರದ್ದಷ್ಟೇ ಅಲ್ಲ, ಅಟೆಂಡರ್‌ನದ್ದೂ ಹೌದು. ಅದನ್ನು ಸಭೆಯಲ್ಲಿ ಹೇಳಬಹುದೇ, ಹೆಸರು ಹೇಳಬಹುದೇ, ಕಾಯಿಲೆಯ ಸುದ್ದಿ ಬರಬಹುದೇ ಎಂದು ಆತನನ್ನು ಬೇರೆ ಬೇರೆಯಾಗಿ ಕೇಳಬೇಕು. ಹೆಸರು ಹೇಳಿ, ಕಾಯಿಲೆ ಯಾವುದೆಂದು ಮಾತ್ರ ಬೇಡ ಎಂದು ಆತ ಹೇಳಿದರೆ ಅಷ್ಟಕ್ಕೆ ನಿಲ್ಲಬೇಕು. ಬೇಡವೇ ಬೇಡ ಎಂದರೆ ಘಟನೆ ಎಷ್ಟೇ ಚೆನ್ನಾಗಿದ್ದರೂ ಕೈಬಿಡಬೇಕು.

ಒಂದು ಗುಣ, ಒಂದು ಘಟನೆ

ಸಿಕ್ಕಿದ್ದನ್ನೆಲ್ಲ ಭಾಷಣಕ್ಕೆ ತುಂಬುವ ಆಸೆ ಈಗ ಹುಟ್ಟುತ್ತದೆ. ಹಾಗೆ ತುಂಬಿದರೆ ಐದು ನಿಮಿಷದಲ್ಲಿ ಹತ್ತು ಸಂಗತಿಗಳು ಬಂದು, ಯಾವುದೂ ಕೇಳುಗರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಾಲ್ವರ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು, ಅವೆಲ್ಲವೂ ಯಾವ ಒಂದು ಗುಣದ ಕಡೆಗೆ ಬೆರಳು ತೋರುತ್ತವೆ ಎಂದು ನೋಡಿ. ಮೇಡಂ ವಿಷಯದಲ್ಲಿ ಅಡಿಪಟ್ಟಿ, ಹೆಸರು ಓದಿದೆಯಾ ಎಂಬ ಪ್ರಶ್ನೆ, ತಡವಾದ ಅರ್ಜಿಗೆ ಬೈಗುಳ, ಆಸ್ಪತ್ರೆಗೆ ಹೋದ ಅರ್ಜಿ ಈ ನಾಲ್ಕೂ ಒಂದೇ ಮಾತನ್ನು ಹೇಳುತ್ತಿವೆ: ಅವರಿಗೆ ಬಿಲ್ಲೆಂದರೆ ಅಂಕಿಗಳ ಪಟ್ಟಿಯಲ್ಲ, ಮನುಷ್ಯರ ಪಟ್ಟಿ. ಅವರ ಒರಟುತನವೂ ಈಗ ಮುಚ್ಚಿಡಬೇಕಾದ ದೋಷವಾಗಿ ಉಳಿಯುವುದಿಲ್ಲ. ತಡವಾದ ಅರ್ಜಿಯೊಂದರಿಂದ ಯಾರದೋ ಸಂಬಳ ನಿಂತುಹೋಗುತ್ತದೆ ಎಂದು ತಿಳಿದವರ ಸಿಟ್ಟಾಗಿ ಅದು ಕಾಣುತ್ತದೆ.

ಗುಣ ಸಿಕ್ಕಿದ ಮೇಲೆ ಅದನ್ನು ತೋರಿಸುವ ಒಂದೇ ಘಟನೆಯನ್ನು ವಿವರವಾಗಿ ಹೇಳಲು ಆರಿಸಿಕೊಳ್ಳಿ, ಉಳಿದವನ್ನು ಒಂದೊಂದು ವಾಕ್ಯದಲ್ಲಿ ಮುಟ್ಟಿ ಹೋಗಿ. ಆರಿಸಿದ್ದು ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷೆಯಿದೆ. ಬರೆದ ಪ್ರತಿ ವಾಕ್ಯದಲ್ಲೂ ಕಚೇರಿಯ ಇನ್ನೊಬ್ಬ ನೌಕರರ ಹೆಸರನ್ನು ಇಟ್ಟು ಓದಿ. ಹೊಂದಿಕೊಂಡರೆ ಆ ವಾಕ್ಯವನ್ನು ಹೊಡೆದುಹಾಕಿ. ಅವರು ಕರ್ತವ್ಯನಿಷ್ಠೆಗೆ ಮಾದರಿ ಎಂಬುದು ಯಾರಿಗೂ ಹೊಂದುತ್ತದೆ. ಮೊತ್ತ ಸರಿಯಿರಬಹುದು, ಹೆಸರು ಓದಿದೆಯಾ ಎಂಬುದು ಅವರೊಬ್ಬರಿಗೇ ಹೊಂದುತ್ತದೆ.

ನಿವೃತ್ತರಾಗುವವರು ನಿಮಗೆ ಅಷ್ಟೇನೂ ಪರಿಚಯವಿಲ್ಲದೆ, ಬೇರೆ ಯಾರೂ ಸಿಗಲಿಲ್ಲವೆಂದು ನಿಮಗೆ ಮಾತು ಒಪ್ಪಿಸಿದ್ದರೆ, ಆಪ್ತತೆಯ ನಟನೆ ಬೇಡ. ನಾನು ಅವರೊಂದಿಗೆ ಎರಡೇ ವರ್ಷ ಕೆಲಸ ಮಾಡಿದ್ದೇನೆ, ಅವರನ್ನು ಹೆಚ್ಚು ಬಲ್ಲವರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ ಎಂದು ಆರಂಭಿಸಿದರೆ ಸಾಕು. ಆ ವಾಕ್ಯದ ನಂತರ ಸಭೆ ನಿಮ್ಮ ಮಾತನ್ನು ನಂಬುತ್ತದೆ.

ಬರೆಯುವಾಗ

ಸಭೆಯಲ್ಲಿ ನಿಧಾನವಾಗಿ, ಅಲ್ಲಲ್ಲಿ ನಿಲ್ಲಿಸಿ ಕನ್ನಡ ಮಾತನಾಡುವಾಗ ನಿಮಿಷಕ್ಕೆ 80ರಿಂದ 100 ಪದಗಳ ಆಸುಪಾಸಿನಲ್ಲಿ ಸಾಗುತ್ತದೆ. ಆದ್ದರಿಂದ ಐದು ನಿಮಿಷಕ್ಕೆ 400ರಿಂದ 450 ಪದ ಬರೆದರೆ ಸಾಕು. ನಿಮ್ಮ ವೇಗ ಬೇರೆಯಿರಬಹುದಾದ್ದರಿಂದ ಗಡಿಯಾರ ಇಟ್ಟುಕೊಂಡು ಒಂದು ಪುಟ ಗಟ್ಟಿಯಾಗಿ ಓದಿ ನೋಡಿಕೊಳ್ಳಿ.

ಸಂಬೋಧನೆಗೆ ಹೆಚ್ಚು ಸಮಯ ಕೊಡಬೇಡಿ. ವೇದಿಕೆಯಲ್ಲಿ ಆಸೀನರಾಗಿರುವ ಪ್ರತಿಯೊಬ್ಬರ ಹೆಸರು, ಹುದ್ದೆ ಹೇಳುತ್ತಾ ಹೋದರೆ ಮೊದಲ ನಿಮಿಷ ಅಲ್ಲೇ ಮುಗಿಯುತ್ತದೆ. ಹಿಂದಿನ ಭಾಷಣಕಾರರು ಆ ಕೆಲಸವನ್ನು ಮಾಡಿಯೇ ಇರುತ್ತಾರೆ. ವೇದಿಕೆಯ ಗಣ್ಯರಿಗೆ, ಮೇಡಂ ಅವರಿಗೆ, ಅವರ ಕುಟುಂಬದವರಿಗೆ ಮತ್ತು ನನ್ನ ಸಹೋದ್ಯೋಗಿಗಳಿಗೆ ನಮಸ್ಕಾರ ಎಂಬಷ್ಟರಲ್ಲಿ ಎಲ್ಲರೂ ಬಂದರು. ಅಲ್ಲಿಂದ ನೇರವಾಗಿ ಆ ವ್ಯಕ್ತಿಯನ್ನು ಕಾಣಿಸುವ ವಸ್ತುವಿಗೋ ಮಾತಿಗೋ ಬನ್ನಿ.

ಈ ಬಗೆಯ ಭಾಷಣಗಳಲ್ಲಿ ಬಹಳಷ್ಟು ಕೆಡುವುದು ಕ್ರಿಯಾಪದದ ಕಾಲದಲ್ಲಿ. ಅವರು ತುಂಬಾ ಒಳ್ಳೆಯ ಸ್ವಭಾವದವರಾಗಿದ್ದರು, ಎಲ್ಲರನ್ನೂ ಪ್ರೀತಿಯಿಂದ ಕಾಣುತ್ತಿದ್ದರು ಎಂದು ಎದುರಿಗೆ ಕುಳಿತಿರುವವರ ಬಗ್ಗೆ ಹೇಳಿದರೆ ಸಭೆಗೆ ಶ್ರದ್ಧಾಂಜಲಿಯ ನೆನಪಾಗುತ್ತದೆ. ಸ್ವಭಾವವನ್ನು ವರ್ತಮಾನದಲ್ಲೇ ಹೇಳಿ, ಏಕೆಂದರೆ ನಿವೃತ್ತಿಯೊಂದಿಗೆ ಅದು ಮುಗಿಯುವುದಿಲ್ಲ; ಘಟನೆಯನ್ನು ಮಾತ್ರ ಭೂತಕಾಲದಲ್ಲಿ ಹೇಳಿ. ತುಂಬಲಾರದ ನಷ್ಟ, ಅವರ ಸ್ಥಾನ ಬರಿದಾಗಿದೆ, ಅವರ ನೆನಪು ಸದಾ ಹಸಿರು ಎಂಬಂಥವು ಕೂಡ ಸಂತಾಪ ಸಭೆಯಿಂದ ಬಂದ ಮಾತುಗಳು. ಬರೆದದ್ದನ್ನು ಮತ್ತೊಬ್ಬರಿಗೆ ಓದಿ ಕೇಳಿಸಿ, ಇದರಲ್ಲಿ ಯಾರಾದರೂ ತೀರಿಕೊಂಡಂತೆ ಅನ್ನಿಸುತ್ತದೆಯೇ ಎಂದು ಕೇಳಿದರೆ ಇಂಥವೆಲ್ಲ ಸಿಕ್ಕಿಬೀಳುತ್ತವೆ.

ಗೌರವದ ರೂಪದ ಬಗ್ಗೆಯೂ ಎಚ್ಚರ ಬೇಕು. ಖಾಸಗಿಯಾಗಿ ನೀನು, ತಾನು ಎಂದು ಮಾತನಾಡುವ ಗೆಳೆತನವಿದ್ದರೂ ಅವರ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಕುಳಿತಿರುವ ಸಭೆಯಲ್ಲಿ ಬಹುವಚನವೇ ಇರಲಿ. ಆ ಏಕವಚನದ ಗೆಳೆತನವನ್ನೇ ಹೇಳಬೇಕೆನಿಸಿದರೆ, ಹೊರಗೆ ನಾವು ಹೇಗೆ ಮಾತನಾಡಿಕೊಳ್ಳುತ್ತೇವೆ ಎಂಬುದು ಇಲ್ಲಿ ಬೇಡ ಎಂದು ಒಂದು ನಗುವಿನಲ್ಲಿ ಮುಗಿಸಬಹುದು.

ಮೇಡಂ ಅವರ ಭಾಷಣದ ಮಧ್ಯಭಾಗವನ್ನು ಮೊದಲು ಎಲ್ಲರೂ ಬರೆಯುವಂತೆ ಬರೆದರೆ ಹೀಗಿರುತ್ತದೆ:

> ಮೇಡಂ ಅವರು ತಮ್ಮ 32 ವರ್ಷಗಳ ಸುದೀರ್ಘ ಸೇವೆಯಲ್ಲಿ ಅತ್ಯಂತ ಪ್ರಾಮಾಣಿಕತೆ, ದಕ್ಷತೆ ಹಾಗೂ ನಿಷ್ಠೆಯಿಂದ ಕಾರ್ಯನಿರ್ವಹಿಸಿ ಎಲ್ಲರ ಮೆಚ್ಚುಗೆಗೆ ಪಾತ್ರರಾಗಿದ್ದರು. ಕಷ್ಟದಲ್ಲಿರುವವರಿಗೆ ಸದಾ ಸಹಾಯಹಸ್ತ ಚಾಚುತ್ತಿದ್ದರು.

ಅದನ್ನೇ ನಾಲ್ವರ ಮಾತುಗಳಿಂದ ಬರೆದಾಗ:

> ಮೇಡಂ ಅವರ ಮೇಜಿನ ಮೇಲೆ ಮರದ ಒಂದು ಅಡಿಪಟ್ಟಿ ಇದೆ. ಅದರ ಅಂಚು ಸವೆದು, ಮೇಲಿನ ಗೆರೆಗಳು ಅಳಿಸಿಹೋಗಿವೆ. ಅದರಲ್ಲಿ ಈಗ ಏನನ್ನೂ ಅಳೆಯಲು ಬರುವುದಿಲ್ಲ. ಮೇಡಂ ಅದನ್ನು ಅಳೆಯಲು ಇಟ್ಟುಕೊಂಡಿಲ್ಲ. ಸಂಬಳದ ಬಿಲ್ಲು ಬಂದಾಗ ಪ್ರತಿ ಸಾಲಿನ ಕೆಳಗೆ ಅದನ್ನಿಟ್ಟು, ನಮ್ಮ ಒಬ್ಬೊಬ್ಬರ ಹೆಸರನ್ನೂ ಓದುತ್ತಾರೆ. ಮೊತ್ತ ಸರಿಯಿದೆ ಮೇಡಂ ಎಂದರೆ, ಮೊತ್ತ ಸರಿಯಿರಬಹುದು, ಹೆಸರು ಓದಿದೆಯಾ ಎನ್ನುತ್ತಾರೆ.
>
> ಒಂದು ತಿಂಗಳು ಹಾಗೆ ಓದುತ್ತಿದ್ದಾಗ ನಮ್ಮ ಅಟೆಂಡರ್ ಹೆಸರಿನ ಮುಂದೆ ಸೊನ್ನೆ ಇತ್ತು. ಮೊತ್ತಕ್ಕೆ ಅದು ತಾಳೆಯಾಗಿತ್ತು. ಬಿಲ್ಲನ್ನು ಹಾಗೆಯೇ ಕಳುಹಿಸಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಮೇಡಂ ಅಡಿಪಟ್ಟಿಯನ್ನು ಅಲ್ಲೇ ಬಿಟ್ಟು ಅವರ ಮನೆಗೆ ಫೋನು ಮಾಡಿದರು. ಅವರು ಆಸ್ಪತ್ರೆಯಲ್ಲಿದ್ದರು. ರಜೆ ಅರ್ಜಿ ಅವತ್ತು ಸಂಜೆ ಆಸ್ಪತ್ರೆಗೆ ಹೋಯಿತು, ಮರುದಿನ ಬೆಳಿಗ್ಗೆ ಸಹಿಯೊಂದಿಗೆ ಬಂತು, ಮಧ್ಯಾಹ್ನ ಬಿಲ್ಲು ಹೊರಟಾಗ ಅದರಲ್ಲಿ ಅವರ ಸಂಬಳವೂ ಇತ್ತು. ಅವರು ಗುಣವಾಗಿ ಕೆಲಸಕ್ಕೆ ಬಂದ ದಿನ ಮೇಡಂ ಆಡಿದ್ದು ಒಂದೇ ಮಾತು: ಮುಂದಿನ ಸಲ ಅರ್ಜಿ ಮೊದಲೇ ಕೊಡು.
>
> ರಜೆ ಅರ್ಜಿ ತಡಮಾಡಿ ಅವರಿಂದ ಬೈಸಿಕೊಳ್ಳದವರು ಈ ಸಭೆಯಲ್ಲಿದ್ದರೆ ಕೈಯೆತ್ತಿ. ಯಾರೂ ಇಲ್ಲ. ಆ ಬೈಗುಳದ ಅರ್ಥ ನನಗೆ ಗೊತ್ತಾದದ್ದು ಈ ಘಟನೆ ಕೇಳಿದ ಮೇಲೆ.

ಇಲ್ಲಿ ಪ್ರಾಮಾಣಿಕತೆ, ಸಹಾಯಗುಣ ಎಂಬ ಪದಗಳೇ ಬಂದಿಲ್ಲ ಎಂಬುದನ್ನು ಗಮನಿಸಿ. ಅಡಿಪಟ್ಟಿಯ ಅಳಿಸಿದ ಗೆರೆಗಳಂಥ ವಿವರವನ್ನು ಊಹಿಸಿ ಬರೆಯಬಾರದು. ಅವರ ಮೇಜಿನ ಬಳಿ ಹೋಗಿ ಕಣ್ಣಾರೆ ನೋಡಿ ಬರಬೇಕು. ಬೈಗುಳದ ತಮಾಷೆ ಘಟನೆಯ ನಂತರ ಬಂದಿರುವುದಕ್ಕೂ ಕಾರಣವಿದೆ. ಅದೇ ಮಾತು ಮೊದಲು ಬಂದಿದ್ದರೆ ಮೇಡಂ ಅವರನ್ನು ಹಂಗಿಸಿದಂತಾಗುತ್ತಿತ್ತು. ತಮಾಷೆಯ ಬಗ್ಗೆ ನಾನು ಪಾಲಿಸುವ ನಿಯಮ ಇಷ್ಟೇ: ಅದು ಅವರು ತಾವೇ ನಗುತ್ತಾ ಹೇಳಿಕೊಳ್ಳುವ ಸಂಗತಿಯಾಗಿರಬೇಕು. ವಯಸ್ಸು, ತೂಕ, ಕಂಪ್ಯೂಟರ್ ಬಾರದಿರುವುದು, ಇನ್ನು ಮನೆಯಲ್ಲಿ ಗಂಡನಿಗೆ ಕಷ್ಟ ಎಂಬಂಥ ಮಾತುಗಳಿಗೆ ಸಭೆ ನಕ್ಕರೂ ಅವರ ಮುಖ ಸಣ್ಣದಾಗುವುದುಂಟು.

ಅವರ ಕಡೆಗೆ ತಿರುಗುವುದು

ಭಾಷಣದ ಕೊನೆಯ ಒಂದು ನಿಮಿಷದಲ್ಲಿ ಸಭೆಯೊಂದಿಗಿನ ಮಾತನ್ನು ನಿಲ್ಲಿಸಿ ನಿವೃತ್ತರಾಗುವವರೊಂದಿಗೇ ಮಾತನಾಡಬೇಕು. ಅಲ್ಲಿಯವರೆಗೆ ಅವರು ಎಂದಿದ್ದವರನ್ನು ಈಗ ನೀವು ಎನ್ನುತ್ತೀರಿ, ದೇಹವನ್ನೂ ಸ್ವಲ್ಪ ಅವರತ್ತ ತಿರುಗಿಸುತ್ತೀರಿ. ಈ ಬದಲಾವಣೆ ಒಮ್ಮೆ ಮಾತ್ರ ಆಗಬೇಕು. ಅವರು, ನೀವು, ಮತ್ತೆ ಅವರು ಎಂದು ಓಲಾಡಿದರೆ ಯಾರಿಗೆ ಹೇಳುತ್ತಿದ್ದೀರಿ ಎಂಬುದೇ ತಿಳಿಯದೆ ಮಾತಿನ ಬಲ ಇಳಿದುಹೋಗುತ್ತದೆ.

ಈ ಒಂದು ನಿಮಿಷದಲ್ಲಿ ಮೂರು ಸಂಗತಿಗಳಿಗೆ ಜಾಗವಿದೆ. ಅವರಿಂದ ನೀವು ಕಲಿತು, ಮುಂದೆಯೂ ಮಾಡಲಿರುವ ಒಂದು ಕೆಲಸವನ್ನು ಹೇಳಿ; ಅದು ನೀವು ನಿಜವಾಗಿ ಮಾಡಬಲ್ಲ ಕೆಲಸವಾಗಿರಲಿ. ಮನೆಯವರಿಗೆ ಒಂದು ಮಾತು ಹೇಳಿ, ತಿಂಗಳ ಕೊನೆಯಲ್ಲಿ ಅವರು ತಡವಾಗಿ ಮನೆಗೆ ಬರುತ್ತಿದ್ದುದು ಯಾರಿಗಾಗಿ ಎಂಬುದು ಅವರಿಗೂ ತಿಳಿಯಲಿ. ಕೊನೆಯದು ಹಾರೈಕೆ. ಇನ್ನು ವಿಶ್ರಾಂತಿ ತೆಗೆದುಕೊಳ್ಳಿ, ಮೊಮ್ಮಕ್ಕಳೊಂದಿಗೆ ಕಾಲ ಕಳೆಯಿರಿ, ತೀರ್ಥಯಾತ್ರೆ ಮಾಡಿ ಎಂದು ಅವರ ಮುಂದಿನ ಬದುಕಿಗೆ ನೀವು ವೇಳಾಪಟ್ಟಿ ಹಾಕಬೇಡಿ. ಅವರಿಗೆ ಮೊಮ್ಮಕ್ಕಳು ಇಲ್ಲದಿರಬಹುದು, ಬೇರೆ ಕೆಲಸಕ್ಕೆ ಸೇರುವ ಅನಿವಾರ್ಯವಿರಬಹುದು. ಅವರು ತಾವಾಗಿ ಹೇಳಿಕೊಂಡ ಆಸೆಯೊಂದು ಗೊತ್ತಿದ್ದರೆ ಅದನ್ನೇ ಹಾರೈಸಿ, ಗೊತ್ತಿಲ್ಲದಿದ್ದರೆ ಆರೋಗ್ಯ, ನೆಮ್ಮದಿಗಳನ್ನು ಹಾರೈಸಿ ಮುಗಿಸಿ.

> ಮೇಡಂ, ಮುಂದಿನ ತಿಂಗಳಿನಿಂದ ಬಿಲ್ಲು ನನ್ನ ಮೇಜಿಗೆ ಬರುತ್ತದೆ. ನಿಮ್ಮಷ್ಟು ವೇಗವಾಗಿ ಮಾಡುತ್ತೇನೆ ಎಂದು ಹೇಳಲಾರೆ. ಕಳುಹಿಸುವ ಮುಂಚೆ ಪ್ರತಿಯೊಂದು ಹೆಸರನ್ನೂ ಓದುತ್ತೇನೆ. ಮನೆಯವರಿಗೆ ನಾವೊಂದು ಮಾತು ಹೇಳಬೇಕು: ತಿಂಗಳ ಕೊನೆಯ ದಿನಗಳಲ್ಲಿ ಅವರು ನಿಮಗೆ ಕೊಡಬೇಕಾದ ಸಂಜೆಗಳನ್ನು ನಮಗೆ ಕೊಟ್ಟಿದ್ದಾರೆ, ನೀವು ಅದನ್ನು ಸಹಿಸಿದ್ದೀರಿ, ಅದಕ್ಕೆ ನಿಮಗೆ ನಮ್ಮ ಕೃತಜ್ಞತೆ. ಮೇಡಂ, ಸಂಗೀತ ಕಲಿಯಬೇಕೆಂದು ನೀವು ಹೇಳುತ್ತಲೇ ಇದ್ದಿರಿ. ಇನ್ನು ತಡಮಾಡಬೇಡಿ. ನಿಮಗೆ ಒಳ್ಳೆಯದಾಗಲಿ.

ಮನೆಯವರತ್ತ ಹೇಳುವ ಮಾತಿನಲ್ಲಿ ಮೇಡಂ ಮತ್ತೆ ಅವರು ಆಗಿದ್ದಾರೆ. ನಿಯಮಕ್ಕೆ ಇರುವ ಈ ಒಂದು ವಿನಾಯಿತಿಯನ್ನು ಓದುವಾಗ ಮುಖ ತಿರುಗಿಸಿಯೇ ತೋರಿಸಬೇಕು, ಇಲ್ಲವಾದರೆ ಗೊಂದಲವಾಗುತ್ತದೆ.

ಅಭ್ಯಾಸ ಮತ್ತು ಸಭೆಯ ಹೊತ್ತು

ಸಭೆಗೆ ಒಯ್ಯುವ ಪ್ರತಿಯನ್ನು ದೊಡ್ಡ ಅಕ್ಷರಗಳಲ್ಲಿ, ಹಾಳೆಯ ಒಂದೇ ಬದಿಗೆ ಮುದ್ರಿಸಿ, ಪುಟಗಳಿಗೆ ಸಂಖ್ಯೆ ಹಾಕಿ. ಮೊಬೈಲ್‌ನಲ್ಲಿ ನೋಡಿ ಓದುವುದಕ್ಕಿಂತ ಇದು ವಾಸಿ. ನಡುವೆ ಪರದೆ ಆರಿಹೋಗುವ ಅಥವಾ ಕರೆ ಬರುವ ಭಯವಿರುವುದಿಲ್ಲ. ಬಾಯಿಪಾಠ ಮಾಡಿಕೊಳ್ಳಬೇಕಾದದ್ದು ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯಗಳನ್ನು ಮಾತ್ರ, ಏಕೆಂದರೆ ಅಲ್ಲಿ ಕಣ್ಣು ಹಾಳೆಯ ಮೇಲಿರದೆ ಜನರ ಮೇಲಿರಬೇಕು. ಮಧ್ಯದ ಘಟನೆಯನ್ನು ಓದದೆ ಹೇಳಲು ಸಾಧ್ಯವಾದರೆ ಒಳ್ಳೆಯದು.

ಗಂಟಲು ಕಟ್ಟುವುದು ಬಹುತೇಕ ಒಂದೇ ಜಾಗದಲ್ಲಿ, ಅವರು ಎಂಬುದು ನೀವು ಆಗುವಲ್ಲಿ. ಮನಸ್ಸಿನಲ್ಲಿ ಓದಿಕೊಂಡಾಗ ಇದು ಗೊತ್ತಾಗುವುದಿಲ್ಲ, ಗಟ್ಟಿಯಾಗಿ ಓದಿದಾಗಲೇ ಗೊತ್ತಾಗುತ್ತದೆ. ಆದ್ದರಿಂದ ಆ ಭಾಗವನ್ನು ಸ್ವರ ನಡುಗದೆ ಹೇಳುವಷ್ಟು ಸಲ ಒಬ್ಬರೇ ಕುಳಿತು ಗಟ್ಟಿಯಾಗಿ ಓದಿ. ಆದರೂ ಸಭೆಯಲ್ಲಿ ಮಾತು ನಿಂತರೆ, ಕ್ಷಮಿಸಿ ಎನ್ನುವ ಅಗತ್ಯವಿಲ್ಲ. ಒಂದು ಗುಟುಕು ನೀರು ಕುಡಿದು, ಉಸಿರನ್ನು ಪೂರ್ತಿಯಾಗಿ ಹೊರಬಿಟ್ಟು, ನಿಂತ ವಾಕ್ಯವನ್ನು ಮೊದಲಿನಿಂದ ಓದಿ. ಮಾತು ಸಾಧ್ಯವೇ ಇಲ್ಲವೆನಿಸಿದರೆ ನಡುವಿನದನ್ನು ಬಿಟ್ಟು ಬಾಯಿಪಾಠವಾಗಿರುವ ಕೊನೆಯ ವಾಕ್ಯಗಳಿಗೆ ಹೋಗಿ.

ನಿಮಗಿಂತ ಮೊದಲು ಮಾತನಾಡಿದವರು ನಿಮ್ಮ ಘಟನೆಯನ್ನೇ ಹೇಳಿಬಿಡುವ ಸಂಭವವೂ ಇದೆ. ಗಾಬರಿಯಾಗಿ ಬೇರೆ ಕಥೆ ಹುಡುಕಬೇಡಿ. ಅವರು ಹೇಳಿದ್ದನ್ನು ಒಪ್ಪಿಕೊಂಡು, ಆ ಘಟನೆಯಲ್ಲಿ ಅವರಿಗೆ ಗೊತ್ತಿಲ್ಲದ ಒಂದು ವಿವರವನ್ನು ಸೇರಿಸಿ ಮುಂದೆ ಸಾಗಿ. ಆಸ್ಪತ್ರೆಯ ಅರ್ಜಿಯ ವಿಷಯ ನೀವು ಈಗಾಗಲೇ ಕೇಳಿದಿರಿ, ಅದನ್ನು ಹಿಡಿದುಕೊಟ್ಟ ಅಡಿಪಟ್ಟಿಯ ಬಗ್ಗೆ ನಾನು ಹೇಳುತ್ತೇನೆ ಎಂದರೆ ಭಾಷಣ ಇನ್ನೂ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ಇದಕ್ಕಾಗಿಯೇ ಸಣ್ಣ ಸಂಗತಿಗಳಲ್ಲಿ ಒಂದೆರಡನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿರಬೇಕು. ಕಾರ್ಯಕ್ರಮ ತಡವಾಗಿ ಎರಡೇ ನಿಮಿಷ ಮಾತನಾಡಿ ಎಂದು ಚೀಟಿ ಬಂದರೆ, ಉಳಿದುದನ್ನೆಲ್ಲ ಬಿಟ್ಟು ಘಟನೆಯನ್ನು ಹೇಳಿ, ಅವರ ಕಡೆಗೆ ತಿರುಗಿ ಮುಗಿಸಿ; ಇಡೀ ಭಾಷಣವನ್ನು ವೇಗವಾಗಿ ಓದುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ವೇದಿಕೆಯಿಂದ ಇಳಿದ ಮೇಲೆ ಮಡಿಚಿ, ಗೀಚಿ ಹಾಳಾದ ಆ ಹಾಳೆಯನ್ನು ನೀವೇ ಇಟ್ಟುಕೊಳ್ಳಿ. ಸಮಾರಂಭದ ಗದ್ದಲದಲ್ಲಿ ನಿವೃತ್ತರಾಗುವವರ ಕಿವಿಗೆ ಅರ್ಧ ಮಾತೂ ಬಿದ್ದಿರುವುದಿಲ್ಲವಾದ್ದರಿಂದ, ಅದರ ಶುದ್ಧ ಪ್ರತಿಯೊಂದನ್ನು ಮೊದಲೇ ಸಿದ್ಧಪಡಿಸಿ, ದಿನಾಂಕ ಬರೆದು, ಸಹಿ ಹಾಕಿ, ಲಕೋಟೆಯಲ್ಲಿಟ್ಟು ಅವರ ಕೈಗೋ ಮನೆಯವರ ಕೈಗೋ ಕೊಡಿ. ಘಟನೆ ಹೇಳಿಕೊಟ್ಟ ನಾಲ್ವರ ಹೆಸರನ್ನು ಅವರ ಒಪ್ಪಿಗೆ ಪಡೆದು ಕೆಳಗೆ ಬರೆಯಿರಿ, ಆಗ ಯಾರು ಏನನ್ನು ನೆನಪಿಟ್ಟುಕೊಂಡಿದ್ದರು ಎಂಬುದು ಅವರಿಗೂ ತಿಳಿಯುತ್ತದೆ.